ನಳ ನಿಂತ ಮೇಲೆ ಕೊಳವೆಯೊಳಗೆ ಏನಾಗುತ್ತದೆ: ಹುಬ್ಬಳ್ಳಿ-ಧಾರವಾಡದ ಒಂದು ಪ್ರಕರಣ

ನೀರು ಬಿಡುವ ದಿನ ನಮ್ಮ ಓಣಿಯ ನಳಕ್ಕೆ ಮೊದಲು ಬರುತ್ತಿದ್ದದ್ದು ನೀರಲ್ಲ, ಗಾಳಿ. ಬುಸ್ ಎಂದು ಒಂದೆರಡು ನಿಮಿಷ ಉಸಿರು ಬಿಟ್ಟು, ನಡುನಡುವೆ ಕೆಮ್ಮಿ, ಆಮೇಲೆ ಚಹಾದ ಬಣ್ಣದ ನೀರನ್ನು ಉಗುಳುತ್ತಿತ್ತು. ಸ್ವಲ್ಪ ಹೊತ್ತಿಗೆ ನೀರು ತಿಳಿಯಾಗುತ್ತಿತ್ತು. ಅಜ್ಜಿ ಒಳಗಿನಿಂದಲೇ ಕೂಗಿ ಹೇಳುತ್ತಿದ್ದಳು, "ಮೊದಲಿನ ನೀರು ಗಿಡಕ್ಕ ಹಾಕು, ಆಮ್ಯಾಲ ಕೊಡಕ್ಕ ಹಿಡಿ." ಆ ಬಣ್ಣ ಕೊಳವೆಯ ತುಕ್ಕಿನದು ಅಂತ ನಾವೆಲ್ಲ ತಿಳಿದಿದ್ದೆವು. ಒಂದಿಷ್ಟು ತುಕ್ಕು ಅದರಲ್ಲಿ ಇದ್ದೂ ಇತ್ತು. ಆದರೆ ನೆಲದಡಿ ಹೂತ ಕೊಳವೆಯೊಳಗೆ ಅಷ್ಟೊಂದು ಗಾಳಿ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಅಷ್ಟು ಗಾಳಿ ಸೇರಿತ್ತೆಂದರೆ ಕೊಳವೆ ಖಾಲಿಯಾಗಿತ್ತು. ಖಾಲಿ ಕೊಳವೆ ಗಾಳಿಯನ್ನಷ್ಟೇ ಒಳಗೆ ಕರೆಯುವುದಿಲ್ಲ.

ಈ ಪ್ರಶ್ನೆಯನ್ನು ಅಳೆದು ನೋಡಲು ಹುಬ್ಬಳ್ಳಿ-ಧಾರವಾಡದಷ್ಟು ಅನುಕೂಲದ ಜಾಗ ಪ್ರಪಂಚದಲ್ಲಿ ಹೆಚ್ಚಿಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರಲ್ಲಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರುವ ವ್ಯವಸ್ಥೆ ಆಯಿತು. ಉಳಿದ ಊರಿಗೆಲ್ಲ ಹಳೆಯ ಕ್ರಮವೇ: ನಾಲ್ಕೈದು ದಿನಕ್ಕೊಮ್ಮೆ, ಕೆಲವೊಮ್ಮೆ ವಾರಕ್ಕೊಮ್ಮೆ, ಕೆಲವೇ ಗಂಟೆ. ಹೀಗೆ ಒಂದೇ ಊರಿನಲ್ಲಿ, ಅಕ್ಕಪಕ್ಕದ ಬಡಾವಣೆಗಳಲ್ಲಿ, ಎರಡು ಬಗೆಯ ಪೂರೈಕೆ ಒಟ್ಟಿಗೆ ನಡೆಯತೊಡಗಿತು. ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಬರುವುದು ಎರಡೂ ಕಡೆಗೆ ಸಾಮಾನ್ಯ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಬಂದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಈ ಅವಕಾಶ ಬಳಸಿಕೊಂಡರು. ಜಲಮೂಲ, ಊರೊಳಗಿನ ಟ್ಯಾಂಕು, ಮನೆಯ ನಳ, ಮನೆಯೊಳಗೆ ಕುಡಿಯಲು ತುಂಬಿಟ್ಟ ಪಾತ್ರೆ, ಎಲ್ಲ ಕಡೆಯಿಂದಲೂ ಮಾದರಿ ತೆಗೆದು ಇ. ಕೋಲಿ ಹುಡುಕಿದರು. ಇ. ಕೋಲಿ ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಅದು ನೀರಿನಲ್ಲಿ ಸಿಕ್ಕಿತೆಂದರೆ ಆ ನೀರಿಗೆ ಇತ್ತೀಚೆಗೆ ಮಲ ಸೇರಿದೆ ಎಂದೇ ಅರ್ಥ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ನಿರಂತರ ನೀರಿನ ನಳಗಳಿಂದ ತೆಗೆದ ಮಾದರಿಗಳಲ್ಲಿ ಶೇ. 0.7ರಲ್ಲಿ ಇ. ಕೋಲಿ ಇತ್ತು. ಬಿಟ್ಟುಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಶೇ. 31.7ರಲ್ಲಿ ಇತ್ತು. ಮಳೆಗಾಲದಲ್ಲಿ ಜಲಮೂಲ ಮತ್ತು ಟ್ಯಾಂಕುಗಳ ನೀರಿನ ಗುಣ ಸ್ವಲ್ಪ ಕುಸಿಯುತ್ತಿತ್ತು, ಸರಿ. ಆದರೆ ಮಳೆಗಾಲ ಪೂರ್ತಿ ಎದ್ದು ಕಾಣುವಂತೆ ಕೆಡುತ್ತಿದ್ದದ್ದು ಬಿಟ್ಟುಬಿಟ್ಟು ಬರುವ ನಳದ ನೀರು ಮಾತ್ರ.

ಇದನ್ನು ನಿಧಾನಕ್ಕೆ ಓದಬೇಕು. ಶುದ್ಧೀಕರಣ ಘಟಕದಲ್ಲಿ ತಪ್ಪಾಗಿದ್ದರೆ ಎರಡೂ ಕಡೆಯ ನಳಗಳಲ್ಲಿ ಅದು ಕಾಣಿಸಬೇಕಿತ್ತು. ಟ್ಯಾಂಕಿನಿಂದ ಒಳ್ಳೆಯದಾಗಿ ಹೊರಟ ನೀರು ಟ್ಯಾಂಕಿಗೂ ನಳಕ್ಕೂ ನಡುವಿನ ಒಂದೆರಡು ಕಿಲೋಮೀಟರಿನಲ್ಲಿ ಕೆಟ್ಟಿದೆ. ಕೊಳವೆಯ ಒಳಗೇ ಕೆಟ್ಟಿದೆ. ಮತ್ತು ಮಳೆ ಬಂದಾಗ ಹೆಚ್ಚು ಕೆಡುತ್ತದೆಂದರೆ, ಕೊಳವೆಯ ಹೊರಗಿನ ನೆಲಕ್ಕೂ ಒಳಗಿನ ನೀರಿಗೂ ಏನೋ ಸಂಬಂಧವಿದೆ.

ಎರಡು ಕಡೆಗೂ ತೆರೆಯುವ ಬಾಗಿಲು

ಸೋರದ ಕೊಳವೆ ಜಾಲ ಎಂಬುದು ಎಲ್ಲೂ ಇಲ್ಲ. ಕೊಳವೆಗೆ ಕೊಳವೆ ಸೇರುವ ಜಾಯಿಂಟು, ಮನೆಗೆ ಕವಲು ಹೊಡೆದ ಜಾಗ, ತುಕ್ಕು ತಿಂದ ಜಿ.ಐ. ಪೈಪು, ಯಾರೋ ಹಾರೆ ಹೊಡೆದು ಮೇಲೆ ರಬ್ಬರ್ ಸುತ್ತಿದ ಪಿ.ವಿ.ಸಿ., ಇವೆಲ್ಲ ಅಷ್ಟಿಷ್ಟು ಸೋರುತ್ತಲೇ ಇರುತ್ತವೆ. ಒಳಗೆ ಒತ್ತಡ ಇರುವವರೆಗೆ ಸೋರಿಕೆ ಎಂದರೆ ನಷ್ಟ, ಅಷ್ಟೇ. ನೀರು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರಲಾರದು. ಕೊಳವೆ ಖಾಲಿಯಾದ ಕೂಡಲೇ ಅದೇ ತೂತು ಒಳಬಾಗಿಲಾಗುತ್ತದೆ.

ಲೆಕ್ಕಕ್ಕೆ ಒಂದು ಓಣಿಯನ್ನು ಇಟ್ಟುಕೊಳ್ಳೋಣ. ಉದ್ದ 500 ಮೀಟರ್, ಕೊಳವೆಯ ವ್ಯಾಸ 100 ಮಿಲಿಮೀಟರ್. ಇದರಲ್ಲಿ ತುಂಬಿದಾಗ ಸುಮಾರು 3,900 ಲೀಟರ್ ನೀರು ಹಿಡಿಯುತ್ತದೆ. ಓಣಿಯ ಕೆಳತುದಿಯಲ್ಲಿ, ಗಟಾರದ ಅಡಿಯಲ್ಲಿ ಹಾದುಹೋಗುವಲ್ಲಿ, 5 ಮಿಲಿಮೀಟರಿನ ಒಂದು ತೂತು ಇದೆ ಎನ್ನೋಣ, ಪೆನ್ಸಿಲಿಗಿಂತ ಸಣ್ಣದು. ನೀರು ಬಿಟ್ಟಾಗ ಅಲ್ಲಿ 12 ಮೀಟರ್ ಎತ್ತರದ ನೀರಿನಷ್ಟು ಒತ್ತಡವಿದ್ದರೆ, ಅಡ್ಡಿಯಿಲ್ಲದ ತೂತಿನಿಂದ ನಿಮಿಷಕ್ಕೆ ಹೆಚ್ಚುಕಡಿಮೆ 11 ಲೀಟರ್ ಹೊರಗೆ ಹೋಗುತ್ತದೆ. ಸುತ್ತಲಿನ ಮಣ್ಣು ನೆನೆದು ಕೆಸರಾಗುತ್ತದೆ, ಗಟಾರದಿಂದ ಬಸಿದದ್ದೂ ಅದೇ ಕೆಸರಿಗೆ ಸೇರುತ್ತದೆ.

ವಾಲ್ವ್‌ಮನ್ ಬಂದು ವಾಲ್ವು ತಿರುವಿ ಹೋದ. ಮೇಲಿನ ಮನೆಗಳ ನಳಗಳಿಂದ ಗಾಳಿ ನುಗ್ಗುತ್ತದೆ, ಕೊಳವೆಯ ನೀರು ಇಳಿಜಾರಿಗೆ ಜಾರಿ ಕೆಳಗಿನ ಮನೆಗಳಲ್ಲಿ ಖಾಲಿಯಾಗುತ್ತದೆ. ಈಗ ತೂತಿನ ಒಳಗೆ ಒತ್ತಡ ಇಲ್ಲ. ಹೊರಗೆ ಗಟಾರದ ನೀರು ಕೊಳವೆಗಿಂತ 30 ಸೆಂಟಿಮೀಟರ್ ಮೇಲಿದೆ. ಆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿನ ಎತ್ತರಕ್ಕೇ, ತೂತು ನೇರ ನೀರಿನಲ್ಲಿ ಮುಳುಗಿದ್ದರೆ, ನಿಮಿಷಕ್ಕೆ ಒಂದೂಮುಕ್ಕಾಲು ಲೀಟರ್ ಒಳಗೆ ಬರಬಲ್ಲುದು. ಮಣ್ಣು ತಡೆಯುತ್ತದೆ, ಒಪ್ಪೋಣ. ನೂರರಲ್ಲಿ ಒಂದು ಪಾಲು ಮಾತ್ರ ಒಳಬರಲಿ. ಆಗಲೂ ಗಂಟೆಗೆ ಒಂದು ಲೀಟರ್. ಮುಂದಿನ ಸಲ ನೀರು ಬಿಡುವುದು ನಾಲ್ಕು ದಿನದ ಮೇಲೆ, ಅಷ್ಟರಲ್ಲಿ ನೂರು ಲೀಟರಿನ ಹತ್ತಿರ. ಒಳಹೊರಗಿನ ಮಟ್ಟ ಸಮವಾದರೆ ಅದು ನಿಲ್ಲುತ್ತದೆ, ಅದನ್ನೂ ಕಳೆಯೋಣ. ಜಿಪುಣತನದಿಂದ ಒಂದೇ ಒಂದು ಲೀಟರ್ ಅಸಲಿ ಕೊಳಚೆ ಒಳಗೆ ಸೇರಿತು ಎಂದಿಟ್ಟುಕೊಂಡರೆ ಸಾಕು.

ಮನೆಗಳ ಕೊಳಚೆಯ 100 ಮಿಲಿಲೀಟರಿನಲ್ಲಿ ಹತ್ತು ಲಕ್ಷ ಇ. ಕೋಲಿ ಇರುವುದು ಮಾಮೂಲು, ಒಂದು ಲೀಟರಿಗೆ ಒಂದು ಕೋಟಿ. ಅದು ಓಣಿಯ ಕೊಳವೆ ತುಂಬ ನೀರಿನಲ್ಲಿ ಸಮನಾಗಿ ಬೆರೆತರೂ 100 ಮಿಲಿಲೀಟರಿಗೆ ಸುಮಾರು 250 ಉಳಿಯುತ್ತವೆ. ಭಾರತೀಯ ಮಾನಕ 10500 ಹೇಳುವ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ಇನ್ನೊಂದು ಮಾತು. ನಾಲ್ಕು ಸಾವಿರ ಪಾಲಿಗೆ ಒಂದು ಪಾಲು ಬೆರೆತ ಕೊಳಚೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಬಡಿಯುವುದಿಲ್ಲ. "ನಮ್ಮ ನಳದ ನೀರು ಕನ್ನಡಿ ಹಂಗ ಐತ್ರಿ" ಎನ್ನುವವರ ಮಾತು ಸುಳ್ಳಲ್ಲ. ಆದರೆ ಕನ್ನಡಿಯಂಥ ನೀರು ಇದಕ್ಕೆ ಸಾಕ್ಷಿಯಾಗಲಾರದು.

ಮಳೆಗಾಲದ ಒಗಟು ಇಲ್ಲಿಗೆ ಬಿಡಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಗಟಾರ ತಳ ಹಿಡಿದಿರುತ್ತದೆ, ಮಣ್ಣು ಒಣಗಿರುತ್ತದೆ, ತೂತಿನಿಂದ ಬರುವುದು ಬಹುಪಾಲು ಗಾಳಿ. ಮಳೆಗಾಲದಲ್ಲಿ ಗಟಾರ ತುಂಬಿ ಹರಿಯುತ್ತದೆ, ಕರಿಮಣ್ಣು ನೀರು ಕುಡಿದು ಕೂತಿರುತ್ತದೆ, ಕೊಳವೆಯ ಸುತ್ತ ಸದಾ ನೀರು. ನಿರಂತರ ಒತ್ತಡದ ಕೊಳವೆಯ ಸುತ್ತಲೂ ಅದೇ ಮಳೆ, ಅದೇ ಕೆಸರು. ಆದರೆ ಅದಕ್ಕೆ ಒಳಗೆ ಬರಲು ಪುರಸೊತ್ತೇ ಸಿಗುವುದಿಲ್ಲ.

ದೊಡ್ಡ ಕೊಳವೆಗಿಂತ ನನಗೆ ಹೆಚ್ಚು ಅನುಮಾನ ಮನೆಯ ಕನೆಕ್ಷನ್ನಿನ ಮೇಲೆ. ರಸ್ತೆಯ ಕೊಳವೆಯಿಂದ ಮನೆಯವರೆಗಿನ ಅರ್ಧ ಇಂಚಿನ ಪೈಪನ್ನು ಅಗೆಯುವ ಕಷ್ಟ ಬೇಡವೆಂದು ಗಟಾರದ ಮೂಲಕವೇ ಹಾಯಿಸಿರುವುದನ್ನು ನಮ್ಮ ಯಾವ ಹಳೆಯ ಓಣಿಯಲ್ಲೂ ನೋಡಬಹುದು. ಬಗ್ಗಿ ನೋಡಿದರೆ ಒಂದರ ಪಕ್ಕ ಒಂದು, ಐದಾರು ಪೈಪುಗಳು ಕರಿ ನೀರಿನಲ್ಲಿ ಮುಳುಗಿರುತ್ತವೆ. ಅವುಗಳಿಗೆ ಪ್ಲಾಸ್ಟಿಕ್ ಚೀಲ, ಕೂದಲು, ಕಸ ಸುತ್ತಿಕೊಂಡಿರುತ್ತದೆ. ಗಟಾರ ತೆಗೆಯುವವರ ಸಲಿಕೆ ತಾಗಿ ಜಿ.ಐ. ಪೈಪಿನ ಮೇಲಿನ ಸತುವು ಕಿತ್ತು, ಅಲ್ಲಿಂದ ತುಕ್ಕು ಶುರುವಾಗಿರುತ್ತದೆ. ಆ ಪೈಪಿನಲ್ಲಿ ತೂತು ಬಿದ್ದರೆ ಮಣ್ಣಿನ ತಡೆಯೂ ಇಲ್ಲ, ಸೋಸುವಿಕೆಯೂ ಇಲ್ಲ.

ನೀರು ಬಿಟ್ಟ ಹೊತ್ತಿನಿಂದ ನಿಲ್ಲುವ ತನಕ

ಶೇ. 31.7 ಎಂಬುದು ಸರಾಸರಿ. ಅದು ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಎಂಬುದನ್ನು ಸರಾಸರಿ ಹೇಳುವುದಿಲ್ಲ. ಅದಕ್ಕಾಗಿ ಅದೇ ಇಬ್ಬರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಅವಳಿ ನಗರದ 11 ಜಾಗಗಳಲ್ಲಿ ಕೊಳವೆಗೆ ಉಪಕರಣ ಕೂರಿಸಿ, ನೀರು ಬಿಟ್ಟ ಕ್ಷಣದಿಂದ ನಿಲ್ಲುವವರೆಗೆ ಒತ್ತಡವನ್ನು ಬಿಡದೆ ಅಳೆದರು. ನಡುನಡುವೆ ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾದರಿ ತೆಗೆದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇರುವುದು ಇಲ್ಲಿ.

ಮೊದಲ ನೀರು ಅಜ್ಜಿ ಹೇಳಿದಂತೆಯೇ ಇತ್ತು. ವಾಲ್ವು ತೆಗೆದ ಮೇಲೆ ಬಂದ ಮೊದಲ ನೀರಿನಲ್ಲಿ ರಾಡಿಯೂ ಹೆಚ್ಚು, ಬ್ಯಾಕ್ಟೀರಿಯಾವೂ ಹೆಚ್ಚು. ಕೊಳವೆಯ ತಗ್ಗುಗಳಲ್ಲಿ ದಿನಗಟ್ಟಲೆ ನಿಂತ ನೀರಿನಲ್ಲಿ ಕ್ಲೋರಿನ್ ಸತ್ತುಹೋಗಿರುತ್ತದೆ. ತೂತುಗಳಿಂದ ಒಳಬಂದದ್ದು ಅದಕ್ಕೇ ಸೇರಿರುತ್ತದೆ. ಮೇಲಿನಿಂದ ನುಗ್ಗಿ ಬರುವ ನೀರು ಗಾಳಿಯನ್ನು ಅಟ್ಟಿಕೊಂಡು ಬರುವ ರಭಸಕ್ಕೆ ಕೊಳವೆಯ ಗೋಡೆಗೆ ಅಂಟಿದ ಲೋಳೆಯ ಪದರವೂ ಕಿತ್ತು ಬರುತ್ತದೆ. ಸೂಕ್ಷ್ಮಜೀವಿಗಳು ತಾವೇ ಕಟ್ಟಿಕೊಂಡ ಮನೆ ಅದು, ಬಾವಿಯ ಮೆಟ್ಟಿಲ ಮೇಲಿನ ಪಾಚಿಯಂಥದು. ನಿಧಾನಕ್ಕೆ ಒಂದೇ ಸಮ ಹರಿಯುವ ನೀರಿನಲ್ಲಿ ಅದು ಅಂಟಿಕೊಂಡೇ ಇರುತ್ತದೆ. ಒಣಗಿ ಮತ್ತೆ ನೆನೆದು ಹೊಡೆತ ತಿಂದರೆ ಚಕ್ಕೆ ಏಳುತ್ತದೆ.

ಹಾಗಾದರೆ ಮೊದಲ ಹತ್ತು ನಿಮಿಷ ಬಿಟ್ಟು ಹಿಡಿದರೆ ಸಾಕೇ? ಕೆಲವು ಮನೆಗಳಿಗೆ ಸಾಕು, ಕೆಲವಕ್ಕೆ ಸಾಲದು. ಅದನ್ನು ನಿರ್ಧರಿಸುವುದು ಒತ್ತಡ. ನಳಕ್ಕೆ ಕ್ಲೋರಿನ್ ಇರುವ ನೀರು 12 ಮೀಟರಿಗಿಂತ ಹೆಚ್ಚಿನ ಒತ್ತಡದಲ್ಲಿ ಬರುತ್ತಿದ್ದಾಗ ಇ. ಕೋಲಿ ಒಂದೂ ಸಿಗಲಿಲ್ಲ. ಇತರ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕೂಡ ಅಪರೂಪ. 7ರಿಂದ 12 ಮೀಟರ್ ನಡುವೆ ಇದ್ದಾಗ ಆಗೊಮ್ಮೆ ಈಗೊಮ್ಮೆ ಸಿಕ್ಕಿತು. 7 ಮೀಟರಿಗಿಂತ ಕಡಿಮೆ ಇದ್ದಾಗ ಪದೇ ಪದೇ ಸಿಕ್ಕಿತು, ಅದೂ ನೀರಿನಲ್ಲಿ ಕ್ಲೋರಿನ್ ಉಳಿದಿದ್ದಾಗಲೂ. (ಕೇಂದ್ರ ಸರ್ಕಾರದ 1999ರ ನೀರು ಪೂರೈಕೆ ಕೈಪಿಡಿ ಒಂದಂತಸ್ತಿನ ಮನೆಗೆ 7 ಮೀಟರ್, ಎರಡಂತಸ್ತಿಗೆ 12 ಮೀಟರ್ ಒತ್ತಡ ಬೇಕು ಎನ್ನುತ್ತಿತ್ತು. ಅದು ನೀರು ಮೇಲೆ ಏರಲೆಂದು ಹಾಕಿದ ಲೆಕ್ಕ, ಬ್ಯಾಕ್ಟೀರಿಯಾಕ್ಕಲ್ಲ. ಎರಡೂ ಸಂಖ್ಯೆಗಳು ಹೀಗೆ ಬಂದು ಕೂಡಿದ್ದು ಕಾಕತಾಳೀಯವೇ ಇರಬೇಕು, ಆದರೂ ನೆನಪಿಟ್ಟುಕೊಳ್ಳಲು ಒಳ್ಳೆಯದು.)

ನೀರು ಹರಿಯುತ್ತಿರುವಾಗಲೂ ಹೊರಗಿನದು ಒಳಗೆ ಬರುತ್ತದೆಯೇ ಎಂದು ಯಾರಿಗಾದರೂ ಅನ್ನಿಸಬಹುದು. 7 ಮೀಟರ್ ಒತ್ತಡವೂ ಹೊರಗಿನ ಗಟಾರಕ್ಕಿಂತ ಎಷ್ಟೋ ಹೆಚ್ಚಲ್ಲವೇ? ಮಾಪಕ ತೋರಿಸುವುದು ಅದನ್ನು ಕೂರಿಸಿದ ಜಾಗದ ಒತ್ತಡವನ್ನು. ಅಲ್ಲಿ 5 ಮೀಟರ್ ಇದ್ದರೆ, ಅದಕ್ಕಿಂತ ಎತ್ತರದಲ್ಲಿರುವ ಮುಂದಿನ ಓಣಿಯಲ್ಲಿ ಸೊನ್ನೆ ಇರಬಹುದು. ಎಲ್ಲರೂ ಒಟ್ಟಿಗೆ ನಳ ತಿರುವಿದಾಗ ಒಂದು ಕ್ಷಣ ಇನ್ನೂ ಕುಸಿಯಬಹುದು. ಇದಕ್ಕೆಲ್ಲ ಮೇಲೆ ಮೋಟಾರು.

ಫೋರ್ಸ್ ಇಲ್ಲದ ಓಣಿಗಳಲ್ಲಿ ನಳಕ್ಕೇ ನೇರ ಮೋಟಾರು ಹಚ್ಚಿ ಎಳೆಯುವುದು ಗುಟ್ಟಿನ ವಿಷಯವೇನಲ್ಲ. ಒಬ್ಬರು ಹಚ್ಚಿದರೆ ಪಕ್ಕದ ಮನೆಯ ನಳ ಸಣ್ಣಗಾಗುತ್ತದೆ, ಅವರೂ ಹಚ್ಚುತ್ತಾರೆ. ಪಂಪು ಅಂದರೆ ಹೀರುವ ಯಂತ್ರ. ಕೊಳವೆಯಲ್ಲಿ ಅದಕ್ಕೆ ಬೇಕಾದಷ್ಟು ನೀರು ಇಲ್ಲದಿದ್ದರೆ ಅದು ಸುಮ್ಮನಿರುವುದಿಲ್ಲ, ಕೊಳವೆಯೊಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಕೆಳಗೆ ಇಳಿಸುತ್ತದೆ. ಖಾಲಿ ಕೊಳವೆಗೆ ಗಟಾರದ ನೀರು ತಾನಾಗಿ ಜಿನುಗುತ್ತದೆ. ಮೋಟಾರು ಹಚ್ಚಿದ ಕೊಳವೆ ಅದನ್ನು ಎಳೆದುಕೊಳ್ಳುತ್ತದೆ. ಹಾಗೆ ಬಂದದ್ದು ಹಚ್ಚಿದವರ ಮನೆಗೇ ಹೋಗಬೇಕೆಂದಿಲ್ಲ. ಎಳೆತ ನಿಂತಾಗ ಅದು ಓಣಿಯ ಕೊಳವೆಯಲ್ಲೇ ಉಳಿದು ಯಾರ ಕೊಡಕ್ಕೋ ಸೇರುತ್ತದೆ.

ತಗ್ಗಿನ ನಳದ್ದು ಇನ್ನೊಂದು ಕಥೆ. ಒತ್ತಡ ಸಾಲದ ಕಡೆ ಜನ ಅಂಗಳದಲ್ಲಿ ಗುಂಡಿ ತೋಡಿ ನೆಲಮಟ್ಟಕ್ಕಿಂತ ಕೆಳಗೆ ನಳ ಇಟ್ಟಿರುತ್ತಾರೆ, ಆ ಒಂದೆರಡು ಅಡಿ ಇಳಿಸಿದರೆ ನೀರು ಚೆನ್ನಾಗಿ ಬೀಳುತ್ತದೆ. ಗುಂಡಿಯಲ್ಲಿ ಪಾತ್ರೆ ತೊಳೆದ ನೀರು, ಕಾಲು ತೊಳೆದ ನೀರು ನಿಲ್ಲುತ್ತದೆ. ನಳಕ್ಕೆ ಸಿಕ್ಕಿಸಿದ ಪೈಪಿನ ಇನ್ನೊಂದು ತುದಿ ಬ್ಯಾರಲ್ಲಿನ ಅಥವಾ ಸಂಪಿನ ನೀರಿನಲ್ಲಿ ಮುಳುಗಿರುತ್ತದೆ. ನೀರು ನಿಲ್ಲಿಸಿದ ಹೊತ್ತಿಗೆ ನಳ ಬಂದ್ ಮಾಡಲು ಮರೆತರೆ, ಕೊಳವೆ ಖಾಲಿಯಾಗುತ್ತಾ ಆ ಗುಂಡಿಯ ನೀರನ್ನೋ ಬ್ಯಾರಲ್ಲಿನ ನೀರನ್ನೋ ಹಿಂದಕ್ಕೆ ಕುಡಿಯುತ್ತದೆ. ಪೆಟ್ರೋಲನ್ನು ಪೈಪಿನಿಂದ ಬಾಯಿಗೆ ಎಳೆದು ಕ್ಯಾನಿಗೆ ಇಳಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಲೋರಿನ್ ಇದೆ, ಇ. ಕೋಲಿಯೂ ಇದೆ

ಈ ಪ್ರಕರಣದಲ್ಲಿ ಎಂಜಿನಿಯರುಗಳನ್ನೂ ಗೊಂದಲಕ್ಕೆ ಕೆಡವುವುದು ಇದೇ ಭಾಗ. ದೂರು ಬಂದಾಗ ನೌಕರರು ಬಂದು ನಳದ ನೀರಿಗೆ ಎರಡು ಹನಿ ದ್ರಾವಣ ಹಾಕಿ ನೋಡುತ್ತಾರೆ. ಹಳದಿ ಬಂದರೆ ಕ್ಲೋರಿನ್ ಇದೆ, ನೀರು ಸರಿ ಇದೆ ಎಂದು ಬರೆದುಕೊಂಡು ಹೋಗುತ್ತಾರೆ. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ, ಅದು ಇದೆ. ಹಾಗಿದ್ದೂ ಅದೇ ನೀರಿನಲ್ಲಿ ಇ. ಕೋಲಿ ಹೇಗೆ?

ಮೊದಲ ಕಾರಣ ಪುರಸೊತ್ತು. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಮುಟ್ಟಿದ ಕೂಡಲೇ ಕೊಲ್ಲುವುದಿಲ್ಲ, ಅದಕ್ಕೆ ಹೊತ್ತು ಬೇಕು. ಕೊಳಚೆ ಸೇರಿದ್ದು ಟ್ಯಾಂಕಿನ ಬುಡದಲ್ಲಾದರೆ ನಳದವರೆಗೆ ಬರಲು ಅರ್ಧ ಗಂಟೆಯಾದರೂ ಆಗುತ್ತದೆ, ಕ್ಲೋರಿನ್ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಸೇರಿದ್ದು ಮನೆ ಮುಂದಿನ ಗಟಾರದಲ್ಲಾದರೆ? ಅರ್ಧ ಇಂಚಿನ ಪೈಪಿನ 10 ಮೀಟರಿನಲ್ಲಿ ಹಿಡಿಯುವುದು 1.8 ಲೀಟರ್. ನಿಮಿಷಕ್ಕೆ 10 ಲೀಟರ್ ಹರಿಯುತ್ತಿದ್ದರೆ ಗಟಾರದಿಂದ ಕೊಡಕ್ಕೆ ಬರಲು ಹಿಡಿಯುವುದು 11 ಸೆಕೆಂಡು. ತಿಳಿ ನೀರಿನಲ್ಲಾದರೆ ಅಷ್ಟರಲ್ಲೂ ಸಾಕಷ್ಟು ಸಾಯುತ್ತವೆ. ಆದರೆ ಇಲ್ಲಿ ಬರುವುದು ತಿಳಿ ನೀರಲ್ಲ, ಮಣ್ಣಿನ ಕಣ, ಮಲದ ಕಣ, ಲೋಳೆಯ ಚಕ್ಕೆ. ಅವುಗಳ ಹೊಟ್ಟೆಯೊಳಗೆ ಕೂತ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ಸುಲಭಕ್ಕೆ ತಾಗುವುದಿಲ್ಲ.

ಎರಡನೆಯದು ಆ ಹಳದಿ ಬಣ್ಣದ ಮೋಸ. ಕೊಳಚೆಯಲ್ಲಿ ಅಮೋನಿಯ ಇರುತ್ತದೆ. ಕ್ಲೋರಿನ್ ಅದಕ್ಕೆ ಅಂಟಿಕೊಂಡು ಕ್ಲೋರಮೈನ್ ಆಗುತ್ತದೆ. ಇದೂ ಸೋಂಕು ಕಳೆಯುತ್ತದೆ, ಆದರೆ ಬಿಡಿ ಕ್ಲೋರಿನ್ನಿಗಿಂತ ಎಷ್ಟೋ ನಿಧಾನ. ಹಳದಿ ಬರಿಸುವ ಒ.ಟಿ. ದ್ರಾವಣ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಹನಿ ಹಾಕಿದ ಕೂಡಲೇ ಓದದೆ ಒಂದೆರಡು ನಿಮಿಷ ಬಿಟ್ಟು ನೋಡಿದರೆ ಬಣ್ಣ ಇನ್ನೂ ದಟ್ಟವಾಗಿ, ಕ್ಲೋರಿನ್ ಧಾರಾಳವಾಗಿ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಬಿಡಿ ಕ್ಲೋರಿನ್ ಎಷ್ಟೆಂದು ತಿಳಿಯಲು ಗುಲಾಬಿ ಬಣ್ಣ ಬರುವ ಡಿ.ಪಿ.ಡಿ. ಪರೀಕ್ಷೆ ಬೇಕು, ಅದರ ಮೊದಲ ಮಾತ್ರೆಯ ಓದಿಕೆಯನ್ನೇ ನಂಬಬೇಕು.

ಹಾಗೆಂದು ಕ್ಲೋರಿನ್ ವ್ಯರ್ಥವಲ್ಲ. ಒತ್ತಡ ಮತ್ತು ಕ್ಲೋರಿನ್ ಎರಡೂ ಇದ್ದಾಗಲೇ ಇ. ಕೋಲಿ ಸೊನ್ನೆಗೆ ಬಂದದ್ದು. ಟ್ಯಾಂಕಿನಲ್ಲಿ ಇನ್ನೊಂದಿಷ್ಟು ಪುಡಿ ಸುರಿದು ಒತ್ತಡದ ಕೊರತೆಯನ್ನು ತುಂಬಿಕೊಳ್ಳಬಹುದು ಎಂಬ ಲೆಕ್ಕಾಚಾರ ಮಾತ್ರ ಕೂಡುವುದಿಲ್ಲ. ಹತ್ತಿರದ ಮನೆಯವರಿಗೆ ಔಷಧದ ವಾಸನೆ, ದೂರದ ಮನೆಯವರಿಗೆ ಅದೇ ಗಟಾರ.

ರೋಗದ ಲೆಕ್ಕ ಇಷ್ಟು ಸರಳವಲ್ಲ

ನಳದ ನೀರು ಇಷ್ಟು ಬೇರೆಯಾದರೆ ನಿರಂತರ ನೀರಿನ ವಾರ್ಡುಗಳಲ್ಲಿ ಮಕ್ಕಳ ಭೇದಿ ಅರ್ಧಕ್ಕಾದರೂ ಇಳಿಯಬೇಕಿತ್ತಲ್ಲ? ಇಳಿಯಲಿಲ್ಲ. ಅವಳಿ ನಗರದ ಎರಡೂ ಬಗೆಯ ವಾರ್ಡುಗಳ ಸುಮಾರು 3,900 ಮನೆಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 5 ವರ್ಷದೊಳಗಿನ ಮಕ್ಕಳ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಟೈಫಾಯ್ಡ್ ಬಂದಿತ್ತು ಎಂದು ಹೇಳಿದ ಮನೆಗಳು ಮಾತ್ರ ನಿರಂತರ ನೀರಿನ ಕಡೆ ಶೇ. 42ರಷ್ಟು ಕಡಿಮೆ ಇದ್ದವು.

ಭೇದಿಗೆ ಹತ್ತು ದಾರಿ. ಕೈ, ನೊಣ, ಆಹಾರ, ಅಂಗಳದ ಮಣ್ಣು, ಎಲ್ಲದರಿಂದಲೂ ಬರುತ್ತದೆ. ಮನೆಯೊಳಗೆ ತುಂಬಿಟ್ಟ ಕುಡಿಯುವ ನೀರು ಎರಡೂ ಕಡೆ ನಳದ ನೀರಿಗಿಂತ ಹೆಚ್ಚು ಕೆಟ್ಟಿತ್ತು ಎಂಬುದು 2013ರ ಅಧ್ಯಯನದಲ್ಲೇ ಇದೆ. ನೀರು ನಿರಂತರವಾಗಿ ಬಂದರೂ ಕೊಡದಲ್ಲಿ ತುಂಬಿಡುವ, ತಂಬಿಗೆ ಅದ್ದಿ ತೆಗೆಯುವ ರೂಢಿ ಒಂದು ದಿನದಲ್ಲಿ ಹೋಗುವುದಿಲ್ಲ. ಟೈಫಾಯ್ಡ್ ಹಾಗಲ್ಲ, ಅದು ಮನುಷ್ಯರ ಮಲದಿಂದಲೇ ಬರಬೇಕು, ಕೊಳಚೆ ನೀರಿನ ಜೊತೆ ಅದಕ್ಕೆ ಹಳೆಯ ನಂಟು. ಕೊಳವೆಯೊಂದನ್ನು ಸರಿಪಡಿಸಿದಾಗ ಮೊದಲು ಇಳಿಯಬೇಕಾದ ರೋಗ ಅದೇ ಎಂದು ನನಗನಿಸುತ್ತದೆ.

ಇನ್ನೊಂದು ತಕರಾರನ್ನೂ ಒಪ್ಪಬೇಕು. ನಿರಂತರ ನೀರಿನ ವಾರ್ಡುಗಳಲ್ಲಿ ವಾಲ್ವನ್ನು ಸದಾ ತೆರೆದಿಟ್ಟದ್ದಷ್ಟೇ ಅಲ್ಲ, ಕೊಳವೆಗಳನ್ನೂ ಮನೆಗಳ ಕನೆಕ್ಷನ್ನನ್ನೂ ಹೊಸದಾಗಿ ಹಾಕಿದ್ದರು. ಶೇ. 0.7ರಲ್ಲಿ ಒತ್ತಡದ ಪಾಲೆಷ್ಟು, ಹೊಸ ಪೈಪಿನ ಪಾಲೆಷ್ಟು ಎಂದು ಆ ಹೋಲಿಕೆಯೊಂದರಿಂದಲೇ ಬೇರ್ಪಡಿಸಲಾಗುವುದಿಲ್ಲ. ಅದಕ್ಕೇ ನಾನು 2014ರ ಅಳತೆಗೆ ಹೆಚ್ಚು ತೂಕ ಕೊಡುವುದು. ಅಲ್ಲಿ ನೋಡಿದ್ದು ಬಿಟ್ಟುಬಿಟ್ಟು ಬರುವ ಜಾಲವನ್ನೇ, ಹಳೆಯ ಪೈಪುಗಳನ್ನೇ. ಅಲ್ಲೂ ಒತ್ತಡ ಏರಿದಾಗ ಇ. ಕೋಲಿ ಮಾಯವಾಯಿತು.

ಓಣಿಯಲ್ಲಿ ಪತ್ತೆ ಹಚ್ಚುವುದು

ಇಂಥ ಮಾಲಿನ್ಯವನ್ನು ಹಿಡಿಯುವುದು ಕಷ್ಟವಾಗುವುದೇಕೆಂದರೆ ಮಾದರಿ ತೆಗೆಯುವ ಹೊತ್ತು ತಪ್ಪುತ್ತದೆ. ಪ್ರಯೋಗಾಲಯದವರು ಹನ್ನೊಂದು ಗಂಟೆಗೆ ಬರುತ್ತಾರೆ, ನೀರು ಬಿಟ್ಟದ್ದು ಬೆಳಗಿನ ಐದಕ್ಕೆ. ಆ ಹೊತ್ತಿಗೆ ಕೊಳವೆ ತೊಳೆದು ಹೋಗಿರುತ್ತದೆ, ಒತ್ತಡ ಏರಿರುತ್ತದೆ, ಮಾದರಿ ಪಾಸಾಗುತ್ತದೆ. ಒಂದೇ ನಳದಿಂದ ಮೂರು ಮಾದರಿ ಬೇಕು: ನೀರು ಬಂದ ಕೂಡಲೇ ಒಂದು, ಅರ್ಧ ಗಂಟೆಯ ಮೇಲೆ ಒಂದು, ನೀರು ಸಣ್ಣಗಾಗಿ ನಿಲ್ಲುವ ಮುಂಚೆ ಒಂದು. ಮೊದಲನೆಯದು ಮಾತ್ರ ಕೆಟ್ಟಿದ್ದರೆ ಸೇರಿದ್ದು ಕೊಳವೆ ಖಾಲಿ ಇದ್ದಾಗ. ಮೂರೂ ಕೆಟ್ಟಿದ್ದರೆ ನೀರು ಹರಿಯುವಾಗಲೂ ಎಲ್ಲಿಂದಲೋ ಸೇರುತ್ತಿದೆ ಎಂದಾಯಿತು, ಮೋಟಾರಿನ ಮೇಲೆ ಅನುಮಾನ ಪಡಬೇಕು. ಓಣಿಯ ಉದ್ದಕ್ಕೂ ನಾಲ್ಕೈದು ಮನೆಗಳಲ್ಲಿ ಹೀಗೆ ತೆಗೆದರೆ, ಎಲ್ಲಿಂದ ಮುಂದೆ ಕೆಟ್ಟಿದೆ ಎಂಬುದು ಗೆರೆ ಎಳೆದಂತೆ ಕಾಣುತ್ತದೆ. ಒಂದೇ ಮನೆಯಲ್ಲಿ ಕೆಟ್ಟು ಅದರ ಎರಡೂ ಕಡೆ ಚೆನ್ನಾಗಿದ್ದರೆ ರಸ್ತೆ ಅಗೆಯುವುದು ಬೇಡ. ಆ ಮನೆಯ ಕನೆಕ್ಷನ್ ಗಟಾರ ದಾಟುವ ಜಾಗದಲ್ಲಿ ಬಗ್ಗಿ ನೋಡಿದರೆ ಸಾಕು.

ಸಾವಿರ ರೂಪಾಯಿಯೊಳಗೆ ಸಿಗುವ ಮುಳ್ಳಿನ ಒತ್ತಡ ಮಾಪಕವನ್ನು ನಳಕ್ಕೆ ತಿರುವಿ, ನೀರು ಬರುವಷ್ಟು ಹೊತ್ತೂ ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳುವುದು ಇನ್ನೂ ಸುಲಭ. ಬ್ಯಾಕ್ಟೀರಿಯಾ ಪರೀಕ್ಷೆಯ ಫಲಿತಾಂಶ ಬರಲು ಒಂದೆರಡು ದಿನ ಬೇಕು, ಮುಳ್ಳು ಅಲ್ಲೇ ಹೇಳುತ್ತದೆ. ಅದು ಚದರ ಸೆಂಟಿಮೀಟರಿಗೆ 0.7 ಕಿಲೋದ ಗೆರೆಗಿಂತ ಕೆಳಗೇ, ಅಂದರೆ 7 ಮೀಟರಿಗಿಂತ ಕೆಳಗೇ ಆಡುತ್ತಿದ್ದರೆ ಆ ಮನೆಯ ನೀರನ್ನು ಎಷ್ಟು ಹೊತ್ತು ಬಿಟ್ಟು ಹಿಡಿದರೂ ಕುದಿಸಿಯೇ ಕುಡಿಯಬೇಕು. ನೀರು ಬರುತ್ತಿರುವಾಗಲೇ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ, ಹತ್ತಿರದಲ್ಲಿ ಯಾರೋ ಮೋಟಾರು ಹಚ್ಚಿದರು.

ಮನೆಯ ಕೈಯಲ್ಲಿರುವುದು ಕೆಲವೇ ಸಂಗತಿ. ಗಟಾರದಲ್ಲಿ ಮುಳುಗಿದ ಪೈಪನ್ನು ಮೇಲೆತ್ತಿ, ಜೋಡಣೆಯಿಲ್ಲದ ಒಂದೇ ಉದ್ದದ ಎಚ್.ಡಿ.ಪಿ.ಇ. ಪೈಪನ್ನು ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಿ ಗಟಾರ ದಾಟಿಸುವುದು. ತಗ್ಗಿನ ನಳವನ್ನು ಮೇಲೆ ತರಲಾಗದಿದ್ದರೆ ಗುಂಡಿಯಲ್ಲಿ ನೀರು ನಿಲ್ಲದಂತೆ ಮಾಡುವುದು. ಮೋಟಾರು ಬೇಕೇ ಬೇಕು ಎನ್ನುವವರು ನಳದ ನೀರನ್ನು ಮೊದಲು ಸಂಪಿಗೆ ತಾನಾಗಿ ಬೀಳಲು ಬಿಟ್ಟು, ಸಂಪಿನಿಂದ ಮೇಲೆ ಎತ್ತಿಕೊಳ್ಳುವುದು. ಇನ್ನು ನೀರು ನಿಲ್ಲುವ ಹೊತ್ತು. ನಳ ಸಣ್ಣಗಾಗಿ ಗುಳುಗುಳು ಶುರುವಾದಾಗ, ಬ್ಯಾರಲ್ಲಿನಲ್ಲಿ ಮುಳುಗಿದ ಪೈಪನ್ನು ಎತ್ತಿ ಹೊರಗೆ ಹಾಕಿ ನಳ ಬಂದ್ ಮಾಡಬೇಕು. ಮೊದಲ ನೀರನ್ನು ಗಿಡಕ್ಕೆ ಹಾಕಿಸುತ್ತಿದ್ದ ಅಜ್ಜಿಗೆ ಇದೊಂದು ಗೊತ್ತಿರಲಿಲ್ಲ. ಕೊನೆಯ ಹನಿಯೂ ಬೀಳಲೆಂದು ನಮ್ಮ ಮನೆಯ ಪೈಪು ಮುಂದಿನ ಸಲ ನೀರು ಬರುವ ತನಕ ಬ್ಯಾರಲ್ಲಿನೊಳಗೇ ಇರುತ್ತಿತ್ತು.